ಬಿಸಿನೀರ ಬುಗ್ಗೆಯಿಂದ ಕರೆಂಟ್ ತೆಗೆಯೋದು ಹೇಗೆ? ಐಸ್‌ಲ್ಯಾಂಡಿನ ಕ್ರಾಫ್ಲಾ ಕಥೆ

ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಭೂಶಾಖದ ಬಗ್ಗೆ ಒಂದು ರಾಷ್ಟ್ರೀಯ ನೀತಿ ತಂದಿತು. ದೇಶದಲ್ಲಿ 381 ಬಿಸಿನೀರ ಬುಗ್ಗೆಗಳಿವೆ, ನೆಲದೊಳಗಿನ ಬಿಸಿಯಿಂದ 10,600 ಮೆಗಾವಾಟ್ ಕರೆಂಟ್ ತೆಗೆಯಬಹುದು ಎಂಬ ಹಳೆಯ ಅಂದಾಜು ಮತ್ತೆ ಸುದ್ದಿಯಾಯಿತು. ಅದನ್ನು ಓದಿದ ಪುತ್ತೂರು ಕಡೆಯ ನಮ್ಮ ಭಾವ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ಇರ್ದೆಯ ಬೆಂದ್ರ್ ತೀರ್ಥದಲ್ಲೂ ಬಿಸಿನೀರು ಬರ್ತದಲ್ಲ ಮಾರಾಯಾ, ಅಲ್ಲಿ ಕರೆಂಟ್ ಆಗ್ಲಿಕ್ಕಿಲ್ವಾ?"

ಪ್ರಶ್ನೆ ಸಣ್ಣದು. ಉತ್ತರ ಹೇಳಬೇಕಾದರೆ ನೆಲದೊಳಗೆ ಸ್ವಲ್ಪ ದೂರ ಹೋಗಬೇಕು, ಐಸ್‌ಲ್ಯಾಂಡಿಗೂ ಒಂದು ಸುತ್ತು ಹೋಗಿ ಬರಬೇಕು.

## ಕೆಳಗೆ ಹೋದಷ್ಟೂ ಬಿಸಿ, ಆದರೆ ಎಲ್ಲ ಕಡೆ ಒಂದೇ ಥರ ಅಲ್ಲ

ನೆಲದೊಳಗೆ ಇಳಿದಷ್ಟೂ ಬಿಸಿ ಏರುತ್ತದೆ ಅನ್ನೋದು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆಯ ಬಿಸಿ 65 ಡಿಗ್ರಿಯ ಆಸುಪಾಸು. ಮುಟ್ಟಿದರೆ ಕೈ ಸುಡುವಷ್ಟು. ತಣ್ಣನೆ ಗಾಳಿ ಒತ್ತಿ ಕಳಿಸದಿದ್ದರೆ ಅಲ್ಲಿ ಮನುಷ್ಯ ಕೆಲಸ ಮಾಡೋದೇ ಸಾಧ್ಯವಿರಲಿಲ್ಲ.

ಆದರೂ ಲೆಕ್ಕ ಹಾಕಿ ನೋಡಿದರೆ ಕೋಲಾರದ ನೆಲ ತುಂಬಾ ತಣ್ಣಗಿದೆ. ಒಂದು ಕಿಲೋಮೀಟರ್ ಇಳಿದರೆ ಏರೋದು 12 ಡಿಗ್ರಿಯಷ್ಟು ಮಾತ್ರ. ಭೂಮಿಯ ಮೇಲೆ ಸಾಮಾನ್ಯ ಜಾಗಗಳಲ್ಲಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಏರುತ್ತದೆ. ನಮ್ಮ ದಖ್ಖನ್ ನೆಲ ಕೋಟ್ಯಂತರ ವರ್ಷ ಹಳೆಯದು, ದಪ್ಪ, ಅಲುಗಾಡದ್ದು. ಒಲೆ ಆರಿಸಿ ತುಂಬಾ ಹೊತ್ತಾದ ಮೇಲೆ ಕಾವಲಿ ಹೇಗಿರುತ್ತದೋ ಹಾಗೆ.

ಈಗ ಉತ್ತರ ಐಸ್‌ಲ್ಯಾಂಡಿನ ಕ್ರಾಫ್ಲಾಕ್ಕೆ ಬನ್ನಿ, ಭೂಶಾಖದಿಂದ ಕರೆಂಟ್ ತೆಗೆಯುವ ಘಟಕ ಇರುವ ಜಾಗ ಅದು. ಅಲ್ಲಿ 2009ರಲ್ಲಿ ಒಂದು ಬೋರ್ ಕೊರೆದರು. ಕೋಲಾರದ ಗಣಿಗಿಂತ ಒಂದು ಕಿಲೋಮೀಟರ್ ಮೇಲೆಯೇ, ಅಂದರೆ 2.1 ಕಿಲೋಮೀಟರ್ ಆಳದಲ್ಲಿ, ರಿಗ್ಗಿನ ತುದಿ ಕರಗಿದ ಕಲ್ಲಿಗೆ ಹೋಗಿ ತಾಗಿತು. ಅದರ ಬಿಸಿ ಸುಮಾರು 900 ಡಿಗ್ರಿ.

ಇಷ್ಟು ವ್ಯತ್ಯಾಸ ಯಾಕೆ? ಭೂಮಿಯ ಮೇಲ್ಪದರ ಒಂದೇ ಇಡೀ ಚಿಪ್ಪಲ್ಲ, ತುಂಡು ತುಂಡಾದ ಫಲಕಗಳು. ಐಸ್‌ಲ್ಯಾಂಡ್ ಕುಳಿತಿರೋದು ಎರಡು ಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿರುವ ಗೆರೆಯ ಮೇಲೆ. ಎಳೆದಲ್ಲಿ ಪದರ ತೆಳ್ಳಗಾಗುತ್ತದೆ, ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಆಳದ ಕರಗಿದ ಕಲ್ಲು ಮೇಲಕ್ಕೆ ಬರುತ್ತದೆ. ಈ ಕರಗಿದ ಕಲ್ಲನ್ನೇ ಶಿಲಾಪಾಕ ಅನ್ನೋದು. ಅದು ನೆಲದ ಮೇಲಕ್ಕೆ ಉಕ್ಕಿದರೆ ಜ್ವಾಲಾಮುಖಿ. ಆದರೆ ಹೆಚ್ಚಿನ ಪಾಲು ಮೇಲೆ ಬರೋದೇ ಇಲ್ಲ, ಎರಡು, ಮೂರು, ಐದು ಕಿಲೋಮೀಟರ್ ಕೆಳಗೆ ತಂಗಿ ಸಾವಿರಾರು ವರ್ಷ ನಿಧಾನವಾಗಿ ಆರುತ್ತಿರುತ್ತದೆ. ಕರೆಂಟ್ ತೆಗೆಯುವವರಿಗೆ ಬೇಕಾದ ಒಲೆ ಅದು.

## ಬರೀ ಬಿಸಿ ಕಲ್ಲಿಂದ ಏನೂ ಆಗದು

ಬಿಸಿ ಇದ್ದರೆ ಸಾಲದು. ಆ ಬಿಸಿಯನ್ನು ಹೊತ್ತು ಮೇಲೆ ತರೋಕೆ ಯಾರಾದರೂ ಬೇಕು. ಅದು ನೀರು. ನೀರು ಓಡಾಡೋಕೆ ಕಲ್ಲಿನಲ್ಲಿ ಬಿರುಕು ಬೇಕು. ಬಿಸಿಯಾದ ನೀರು ಸೋರಿ ಹೋಗದಂತೆ ಮೇಲೊಂದು ಮುಚ್ಚಳವೂ ಬೇಕು.

ಮಳೆ, ಹಿಮದ ನೀರು ಬಿರುಕುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಬಿಸಿ ಕಲ್ಲಿನ ಹತ್ತಿರ ಹೋದಂತೆ ಕಾಯುತ್ತದೆ. ಅಲ್ಲಿ 100 ಡಿಗ್ರಿಗೇ ಯಾಕೆ ಕುದಿದು ಹೋಗಲ್ಲ ಅಂದರೆ, ಕುಕ್ಕರ್ ನೆನಪು ಮಾಡಿಕೊಳ್ಳಿ. ಒತ್ತಡ ಜಾಸ್ತಿಯಾದರೆ ನೀರು ಕುದಿಯೋಕೆ ಹೆಚ್ಚು ಬಿಸಿ ಬೇಕು. ಅಡುಗೆಮನೆಯ ಕುಕ್ಕರಿನೊಳಗೆ ನೀರು ಕುದಿಯೋದು 120 ಡಿಗ್ರಿಯ ಹತ್ತಿರ. ಒಂದು ಕಿಲೋಮೀಟರ್ ಆಳದಲ್ಲಿ ಮೇಲಿನ ನೀರಿನ ಭಾರವೇ ಗಾಳಿಯ ಒತ್ತಡದ ಸುಮಾರು 100 ಪಟ್ಟು ಇರುತ್ತದೆ. ಅಲ್ಲಿ 300ರ ಹತ್ತಿರ ಹೋದರೂ ನೀರು ನೀರಾಗಿಯೇ ಇರಬಲ್ಲದು.

ಮುಚ್ಚಳ ಹೇಗೆ ಬಂತು ಅನ್ನೋದು ಇನ್ನೂ ಚೆಂದ. ಬಿಸಿನೀರು ವರ್ಷಗಟ್ಟಲೆ ಹರಿದು ಮೇಲ್ಭಾಗದ ಕಲ್ಲನ್ನು ಕೊಳೆಸಿ ಜೇಡಿಮಣ್ಣು ಮಾಡುತ್ತದೆ. ಕೆರೆಗೆ ಜೇಡಿ ಮೆತ್ತಿದರೆ ನೀರು ಹೇಗೆ ಇಂಗದೋ, ಹಾಗೆ ಈ ಪದರ ಬಿಸಿನೀರನ್ನು ಕೆಳಗೇ ಹಿಡಿದಿಡುತ್ತದೆ. ಅಂದರೆ ಈ ಕುಕ್ಕರ್ ತನ್ನ ಮುಚ್ಚಳವನ್ನು ತಾನೇ ಮಾಡಿಕೊಳ್ಳುತ್ತದೆ. ಆ ಮುಚ್ಚಳದಲ್ಲಿ ಎಲ್ಲೋ ಒಂದು ಸೀಳಿದ್ದು ನೀರು ಮೇಲಕ್ಕೆ ನುಸುಳಿದ ಜಾಗವೇ ಬಿಸಿನೀರ ಬುಗ್ಗೆ.

## ಬುಗ್ಗೆಯ ನೀರು ಕೆಳಗಿನ ಸುದ್ದಿ ಹೇಳುತ್ತದೆ

ಬುಗ್ಗೆ ಎಷ್ಟು ಬಿಸಿ ಅನ್ನೋದನ್ನು ನೋಡಿ ಕೆಳಗೆ ಎಷ್ಟಿದೆ ಅಂತ ಹೇಳೋಕಾಗಲ್ಲ. ಮೇಲೆ ಬರುವಾಗ ನೀರು ಕುದಿಯುತ್ತದೆ, ಬಾವಿ ನೀರು ಬೆರೆಯುತ್ತದೆ, ಆರುತ್ತದೆ. ಲಡಾಖಿನ ಪುಗಾ ಕಣಿವೆ ನೋಡಿ. ಅಲ್ಲಿ ಅತಿ ಬಿಸಿಯ ಬುಗ್ಗೆ 84 ಡಿಗ್ರಿ. ಅಷ್ಟೇನಾ ಅನ್ನಿಸಬಹುದು. ಆದರೆ ಪುಗಾ ಇರೋದು 4,400 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ನೀರು ಕುದಿಯೋದೇ ಆ 84-85ರ ಹತ್ತಿರ. ಅಂದರೆ ಬುಗ್ಗೆ ಅಲ್ಲಿ ಸಾಧ್ಯವಿರುವಷ್ಟೂ ಬಿಸಿಯಾಗಿದೆ.

ಹಾಗಾದರೆ ಆಳದ ಬಿಸಿ ತಿಳಿಯೋದು ಹೇಗೆ? ನೀರಿನಲ್ಲಿ ಕರಗಿದ ಸಿಲಿಕಾ ಅಳೆಯುತ್ತಾರೆ. ಸಿಲಿಕಾ ಅಂದರೆ ಮರಳಿನಲ್ಲಿ, ಗಾಜಿನಲ್ಲಿ ಇರೋದೇ. ಸಕ್ಕರೆ ತಣ್ಣೀರಿಗಿಂತ ಬಿಸಿ ಟೀಯಲ್ಲಿ ಜಾಸ್ತಿ ಕರಗುವ ಹಾಗೆ, ಬಿಸಿ ಹೆಚ್ಚಿದಷ್ಟೂ ನೀರು ಕಲ್ಲಿನಿಂದ ಹೆಚ್ಚು ಸಿಲಿಕಾ ಎಳೆದುಕೊಳ್ಳುತ್ತದೆ. 100 ಡಿಗ್ರಿಯಲ್ಲಿ ಒಂದು ಲೀಟರ್ ನೀರು 50 ಮಿಲಿಗ್ರಾಂನಷ್ಟು ಹಿಡಿದರೆ, 250 ಡಿಗ್ರಿಯಲ್ಲಿ 400ಕ್ಕೂ ಜಾಸ್ತಿ. ನೀರು ಬೇಗ ಮೇಲೆ ಬಂದರೆ ಈ ಸಿಲಿಕಾ ಹೊರಬೀಳೋಕೆ ಸಮಯ ಸಿಗಲ್ಲ. ಬುಗ್ಗೆಯಲ್ಲಿ ಹಿಡಿದ ಒಂದು ಬಾಟಲಿ ನೀರು ಆಳದ ಥರ್ಮಾಮೀಟರ್ ಆಗೋದು ಹೀಗೆ.

ಆಮೇಲೆ ನೆಲಕ್ಕೆ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುತ್ತಾರೆ. ನಮ್ಮಲ್ಲಿ ತೆಂಗಿನಕಾಯಿ ಹಿಡಿದು ಬೋರ್ ಪಾಯಿಂಟ್ ತೋರಿಸುವವರು ಇದ್ದಾರಲ್ಲ, ಅಲ್ಲಿ ಆ ಕೆಲಸ ಈ ಉಪಕರಣದ್ದು. ಜೇಡಿ ಮುಚ್ಚಳದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಅದರ ಕೆಳಗೆ ಬಿಸಿ ಸುಮಾರು 230 ದಾಟಿದಲ್ಲಿ ಜೇಡಿಮಣ್ಣು ಬೇರೆ ಖನಿಜವಾಗಿ ಬದಲಾಗುತ್ತದೆ, ಕರೆಂಟ್ ಅಷ್ಟು ಹರಿಯಲ್ಲ. ಬೋರಲು ಹಾಕಿದ ಬೋಗುಣಿಯಂಥ ಈ ಆಕಾರ ಕಂಡರೆ ಖುಷಿಪಡಬಹುದು. ಆದರೆ ಒಂದು ಮೋಸವಿದೆ. ಖನಿಜ ಒಮ್ಮೆ ಬದಲಾದರೆ ಹಾಗೇ ಉಳಿಯುತ್ತದೆ. ಹತ್ತು ಸಾವಿರ ವರ್ಷದ ಹಿಂದೆ ಬಿಸಿಯಿದ್ದು ಈಗ ಆರಿಹೋದ ಜಾಗದಲ್ಲೂ ಅದೇ ಬೋಗುಣಿ ಕಾಣುತ್ತದೆ. ಕೊರೆದ ಮೇಲೇ ಗೊತ್ತಾಗೋದು. ಕೋಟಿಗಟ್ಟಲೆ ದುಡ್ಡು ಸುರಿದು ಕೊರೆದ ಬೋರ್ ತಣ್ಣಗಿರೋದು ಈ ಕೆಲಸದಲ್ಲಿ ಅಪರೂಪವೇನಲ್ಲ.

ಭಾವನ ಪ್ರಶ್ನೆಗೆ ಇಲ್ಲೇ ಉತ್ತರ ಇದೆ. ಬೆಂದ್ರ್ ತೀರ್ಥದ ಕೆಳಗೆ ಶಿಲಾಪಾಕ ಇಲ್ಲ. ಮಳೆನೀರು ಆಳದ ಬಿರುಕಿಗೆ ಇಳಿದು, ಹಳೆಯ ಕಲ್ಲಿನ ಮಾಮೂಲಿ ಬಿಸಿ ಹಿಡಿದು ಮೇಲೆ ಬರುತ್ತದೆ. ಆ ನೀರು ಮೈಗೆ ಹಿತವಾಗುವಷ್ಟು ಬೆಚ್ಚಗಿದೆ, ಅಷ್ಟೇ. ನೀರಿಗಿಂತ ಬೇಗ ಕುದಿಯುವ ದ್ರವವನ್ನು ಬಿಸಿನೀರಿನಿಂದ ಕಾಯಿಸಿ, ಅದರ ಆವಿಯಿಂದ ಟರ್ಬೈನ್, ಅಂದರೆ ಕರೆಂಟ್ ಯಂತ್ರ ಓಡಿಸುವ ರೆಕ್ಕೆಗಳ ಚಕ್ರ, ತಿರುಗಿಸುವ ಒಂದು ದಾರಿ ಇದೆ ನಿಜ. ಅಲಾಸ್ಕಾದ ಒಂದು ಬುಗ್ಗೆಯಲ್ಲಿ 2006ರಿಂದ 74 ಡಿಗ್ರಿ ನೀರಿನಲ್ಲೇ ಹೀಗೆ ಮಾಡುತ್ತಿದ್ದಾರೆ. ಆದರೆ ಅಲ್ಲಿ ಆವಿಯನ್ನು ಮತ್ತೆ ದ್ರವ ಮಾಡೋಕೆ ಕೊರೆಯುವಷ್ಟು ತಣ್ಣೀರು ಪಕ್ಕದಲ್ಲೇ ಇದೆ. ದಕ್ಷಿಣ ಕನ್ನಡದ ಸೆಕೆಯಲ್ಲಿ, ಅಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಅದು ಆಗದ ಮಾತು.

## ಬೋರ್ ಹಾಕೋದು

ಕ್ರಾಫ್ಲಾದ ಬೋರ್ ಕೊರೆಯುವ ಕ್ರಮ ನಮ್ಮೂರ ಬೋರ್‌ವೆಲ್ ನೋಡಿದವರಿಗೆ ಅರ್ಥವಾಗುತ್ತದೆ. ಮೊದಲು ಅಗಲ ತೂತು, ಅದಕ್ಕೆ ಕೇಸಿಂಗ್ ಪೈಪ್. ಆಮೇಲೆ ಅದರೊಳಗಿಂದ ಇನ್ನೂ ಕಿರಿದಾದ ತೂತು, ಅದಕ್ಕೊಂದು ಪೈಪ್. ಹೀಗೆ ಮೂರ್ನಾಲ್ಕು ಹಂತ. ಮೇಲಿನ ಭಾಗಕ್ಕೆ ಗಟ್ಟಿ ಪೈಪ್ ಇಳಿಸಿ, ಅದರ ಸುತ್ತ ಸಿಮೆಂಟ್ ತುಂಬುತ್ತಾರೆ. ಬಿಸಿನೀರು ಸಿಗುವ ಆಳದಲ್ಲಿ ಮಾತ್ರ ಸೀಳು ಸೀಳಾದ ಪೈಪ್ ಬಿಡುತ್ತಾರೆ, ನೀರು ಒಳಗೆ ಬರಲಿ ಅಂತ. ಒಟ್ಟು ಆಳ ಸಾಮಾನ್ಯವಾಗಿ 2 ಕಿಲೋಮೀಟರ್ ಸುತ್ತಮುತ್ತ.

ಆ ಸಿಮೆಂಟೇ ಇಲ್ಲಿ ಜೀವಾಳ. ಒಂದು ಲೆಕ್ಕ ನೋಡಿ. ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಪೈಪ್ 250 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 3 ಮೀಟರ್ ಉದ್ದ ಬೆಳೆಯುತ್ತದೆ. ಸಡಿಲ ಬಿಟ್ಟರೆ ಬೋರಿನ ಬಾಯಲ್ಲಿ ಕೂರಿಸಿದ ವಾಲ್ವನ್ನೇ ಮೇಲೆತ್ತಿ ನಿಲ್ಲಿಸುತ್ತದೆ. ಅದಕ್ಕೇ ಕೆಳಗಿಂದ ಮೇಲಿನವರೆಗೆ ಸಿಮೆಂಟ್ ಹಿಡಿದಿರಬೇಕು. ಎಲ್ಲಾದರೂ ಸಿಮೆಂಟ್ ತುಂಬದೆ ಎರಡು ಪೈಪುಗಳ ನಡುವೆ ಒಂದಿಷ್ಟು ನೀರು ಸಿಕ್ಕಿಕೊಂಡರೆ ಇನ್ನೂ ಕಷ್ಟ. ಬೋರ್ ಬಿಸಿಯಾದಾಗ ಆ ನೀರು ಹಿಗ್ಗುತ್ತದೆ. ಹೋಗೋಕೆ ಜಾಗ ಇಲ್ಲದೆ ಒಳಗಿನ ಪೈಪನ್ನು ಡಬ್ಬಿ ಹಿಸುಕಿದ ಹಾಗೆ ಹಿಸುಕಿಬಿಡುತ್ತದೆ. ಹಾಗಾಗಿ ಹೊಸ ಬೋರನ್ನು ಒಂದೇ ಸಲ ತೆರೆಯಲ್ಲ, ನಿಧಾನವಾಗಿ ಕಾಯೋಕೆ ಬಿಡುತ್ತಾರೆ.

## 100 ಕಿಲೋ ನೀರಿಗೆ 31 ಕಿಲೋ ಆವಿ

ಈಗ ವಾಲ್ವ್ ತೆರೆದರೆ ನೀರು ತಾನಾಗೇ ಮೇಲೆ ನುಗ್ಗುತ್ತದೆ. ಹೆಚ್ಚಿನ ಕಡೆ ಪಂಪು ಬೇಡ. ಮೇಲೇರಿದಂತೆ ಒತ್ತಡ ಕಡಿಮೆಯಾಗಿ ನೀರು ಕುದಿಯುತ್ತದೆ, ಆವಿ ಗುಳ್ಳೆ ಏಳುತ್ತದೆ, ಗುಳ್ಳೆ ತುಂಬಿದ ನೀರು ಹಗುರಾಗಿ ಇನ್ನೂ ಜೋರಾಗಿ ಏರುತ್ತದೆ. ಕುಲುಕಿದ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ.

ಬಾಯಲ್ಲಿ ಬರೋದು ನೀರು, ಆವಿ ಎರಡೂ ಬೆರೆತದ್ದು. ಟರ್ಬೈನಿಗೆ ಒಣ ಆವಿ ಮಾತ್ರ ಬೇಕು. ನೀರ ಹನಿ ಹೋದರೆ ಅದರ ರೆಕ್ಕೆಗಳನ್ನು ಕೆತ್ತಿ ಹಾಕುತ್ತದೆ. ಅದಕ್ಕೆ ಮೊದಲು ದೊಡ್ಡ ಸಿಲಿಂಡರಿನಂಥ ಪಾತ್ರೆಗೆ ಬಿಡುತ್ತಾರೆ. ಅಲ್ಲಿ ಮಿಶ್ರಣ ಸುಳಿಯಂತೆ ಸುತ್ತುತ್ತದೆ. ಭಾರದ ನೀರು ಗೋಡೆಗೆ ತಾಗಿ ಕೆಳಗೆ ಇಳಿಯುತ್ತದೆ, ಆವಿ ನಡುವಿನಿಂದ ಹೊರಡುತ್ತದೆ.

300 ಡಿಗ್ರಿಯ 100 ಕಿಲೋ ನೀರು ಕೆಳಗಿಂದ ಬಂತು ಅಂದುಕೊಳ್ಳಿ. ಪಾತ್ರೆಯ ಒತ್ತಡವನ್ನು ಗಾಳಿಯ ಒತ್ತಡದ 7 ಪಟ್ಟು ಇಟ್ಟರೆ, ಅದರಲ್ಲಿ ಸುಮಾರು 31 ಕಿಲೋ ಆವಿಯಾಗುತ್ತದೆ. ಉಳಿದ 69 ಕಿಲೋ ನೀರು ಇನ್ನೂ 165 ಡಿಗ್ರಿಯಲ್ಲಿದೆ. ಅದನ್ನು ಇನ್ನೂ ಕಡಿಮೆ ಒತ್ತಡದ ಎರಡನೇ ಪಾತ್ರೆಗೆ ಬಿಟ್ಟರೆ ಮತ್ತೆ ಐದಾರು ಕಿಲೋ ಆವಿ ಸಿಗುತ್ತದೆ. ಕ್ರಾಫ್ಲಾದಲ್ಲಿ ಹೀಗೆ ಎರಡು ಸಲ ಹಿಂಡುತ್ತಾರೆ.

ಒಂದು ಮೆಗಾವಾಟಿಗೆ ಸೆಕೆಂಡಿಗೆ ಹೆಚ್ಚುಕಡಿಮೆ 2 ಕಿಲೋ ಆವಿ ಬೇಕು. ಸೆಕೆಂಡಿಗೆ 30 ಕಿಲೋ ಬಿಸಿನೀರು ಕೊಡುವ ಒಳ್ಳೆ ಬೋರ್ ಒಂದು ಇದ್ದರೆ 9 ಕಿಲೋ ಆವಿ, ಅಂದರೆ ನಾಲ್ಕೂವರೆ ಮೆಗಾವಾಟ್. ಕ್ರಾಫ್ಲಾ ಘಟಕ 60 ಮೆಗಾವಾಟಿನದು. ಅಂಥ ಬೋರು ಹದಿಮೂರು ಹದಿನಾಲ್ಕಾದರೂ ಬೇಕು, ಕೆಟ್ಟವು, ರಿಪೇರಿಯಲ್ಲಿರುವವು ಬಿಟ್ಟು.

ಟರ್ಬೈನಿನಿಂದ ಹೊರಬಂದ ಆವಿಯನ್ನು ತಣ್ಣೀರು ಸಿಂಪಡಿಸಿ ನೀರು ಮಾಡುತ್ತಾರೆ. ಆವಿ ನೀರಾದಾಗ ಜಾಗ ಖಾಲಿಯಾಗಿ ನಿರ್ವಾತ ಹುಟ್ಟುತ್ತದೆ, ಅದು ಟರ್ಬೈನಿನ ಕಡೆಯಿಂದ ಇನ್ನಷ್ಟು ಆವಿಯನ್ನು ಎಳೆಯುತ್ತದೆ. ಜೊತೆಗೆ ಬಂದ ಗ್ಯಾಸ್ ಮಾತ್ರ ನೀರಾಗಲ್ಲ. ಅದನ್ನು ಬೇರೆಯಾಗಿ ತೆಗೆಯಬೇಕು. ಇಂಥ ಜಾಗಗಳಲ್ಲೆಲ್ಲ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆ ವಾಸನೆ ಆ ಗ್ಯಾಸಿನದೇ.

## ಪೈಪು ಕಟ್ಟಿಕೊಳ್ಳುವ ಕಾಟ

ಆಳದ ಬಿಸಿ ಹೇಳಿದ ಅದೇ ಸಿಲಿಕಾ ಈಗ ಶತ್ರುವಾಗುತ್ತದೆ. ನೀರು ಆರಿದಂತೆ ಅದನ್ನು ಹಿಡಿದಿಟ್ಟುಕೊಳ್ಳೋಕಾಗದೆ ಪೈಪಿನ ಒಳಗೆ ಗಾಜಿನಂತೆ ಮೆತ್ತಿಬಿಡುತ್ತದೆ. ಗಡಸು ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಆ ಥರ, ಆದರೆ ವಿನೆಗರ್ ಹಾಕಿ ತೆಗೆಯೋ ಹಾಗಿಲ್ಲ. ಬೋರಿನ ಬಾಯಲ್ಲಿ ಒತ್ತಡ, ಹರಿವು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಒಳಗೆ ಏನೋ ಕಟ್ಟಿಕೊಳ್ಳುತ್ತಿದೆ ಅಂತ ಅನುಮಾನ. ಎರಡನೇ ಪಾತ್ರೆಯಲ್ಲಿ ಇನ್ನೂ ಹಿಂಡಬಹುದಲ್ಲ ಅನ್ನೋ ಆಸೆಗೆ ಮಿತಿ ಹಾಕೋದೂ ಇದೇ.

ಐಸ್‌ಲ್ಯಾಂಡಿನ ಇನ್ನೊಂದು ಘಟಕ ಸ್ವಾರ್ಟ್‌ಸೆಂಗಿಯಲ್ಲಿ 1970ರ ದಶಕದಲ್ಲಿ ಬಳಸಿದ ನೀರನ್ನು ಪಕ್ಕದ ಲಾವಾ ಬಯಲಿಗೆ ಬಿಟ್ಟರು, ಇಂಗಿ ಹೋಗಲಿ ಅಂತ. ಸಿಲಿಕಾ ಲಾವಾದ ತೂತುಗಳನ್ನೆಲ್ಲ ಮುಚ್ಚಿತು, ನೀರು ನಿಂತು ನೀಲಿ ಕೊಳವಾಯಿತು. ಪ್ರವಾಸಿಗರು ದುಡ್ಡು ಕೊಟ್ಟು ಮೀಯುವ ಬ್ಲೂ ಲಗೂನ್ ಅಂದರೆ ಆ ತಪ್ಪಿದ ಲೆಕ್ಕವೇ.

ಬಳಸಿದ ನೀರನ್ನು ಈಗ ಬೇರೆ ಬೋರಿನಿಂದ ವಾಪಸ್ ನೆಲಕ್ಕೆ ಕಳಿಸೋದು ರೂಢಿ. ಇಲ್ಲದಿದ್ದರೆ ಕೆಳಗಿನ ಒತ್ತಡ ಕುಸಿಯುತ್ತದೆ. ನ್ಯೂಜಿಲೆಂಡಿನ ವೈರಾಕೆಯಲ್ಲಿ 1958ರಿಂದ ದಶಕಗಟ್ಟಲೆ ತೆಗೆದರು, ವಾಪಸ್ ಕಳಿಸಲಿಲ್ಲ. ಹತ್ತಿರದ ಕಣಿವೆಯಲ್ಲಿ ಚಿಮ್ಮುತ್ತಿದ್ದ ಬುಗ್ಗೆಗಳು ನಿಂತುಹೋದವು. ಒಂದು ಜಾಗದಲ್ಲಿ ನೆಲ ಹತ್ತು ಮೀಟರಿಗಿಂತಲೂ ಜಾಸ್ತಿ ಕುಸಿಯಿತು. ಹಾಗಂತ ಬೋರಿನ ಪಕ್ಕದಲ್ಲೇ ತಣ್ಣೀರು ಬಿಟ್ಟರೆ ಅದು ಬಿರುಕಿನಲ್ಲಿ ನೇರ ಓಡಿ ಬಂದು ಬಿಸಿಯನ್ನೇ ಆರಿಸುತ್ತದೆ. ಬಿಡುವ ನೀರಿಗೆ ಗುರುತಿನ ರಾಸಾಯನಿಕ ಬೆರೆಸಿ, ಅದು ಯಾವ ಬೋರಿನಲ್ಲಿ ಎಷ್ಟು ದಿನಕ್ಕೆ ಕಾಣಿಸಿತು ಅಂತ ನೋಡಿ ಜಾಗ ಆರಿಸುತ್ತಾರೆ.

## ಕೆಳಗಿನ ಒಲೆ ಎದ್ದಾಗ

ಕ್ರಾಫ್ಲಾದ ಕೆಲಸ ಶುರುವಾದದ್ದೇ ಕೆಟ್ಟ ಗಳಿಗೆಯಲ್ಲಿ. 1974ರಲ್ಲಿ ಕೊರೆಯೋಕೆ ಶುರುಮಾಡಿದರು. 1975ರ ಡಿಸೆಂಬರ್‌ನಲ್ಲಿ, ಘಟಕ ಕಟ್ಟುತ್ತಿರುವಾಗಲೇ, ಎರಡು ಕಿಲೋಮೀಟರ್ ದೂರದಲ್ಲಿ ಜ್ವಾಲಾಮುಖಿ ಎದ್ದಿತು. ಅದು 1984ರವರೆಗೂ ಬಿಟ್ಟು ಬಿಟ್ಟು ಒಂಬತ್ತು ಸಲ ಉಕ್ಕಿತು.

ಲಾವಾ ಘಟಕಕ್ಕೆ ಬರಲಿಲ್ಲ. ಆದರೆ ಶಿಲಾಪಾಕದಿಂದ ಬಿಟ್ಟ ಆಮ್ಲದ ಗ್ಯಾಸು ಬೋರಿನ ನೀರಿಗೆ ಸೇರಿತು. ಕೇಸಿಂಗ್ ಪೈಪುಗಳು ತುಕ್ಕು ಹಿಡಿದು ತೂತಾದವು, ಕೆಲವು ಬೋರು ಕಟ್ಟಿಕೊಂಡವು. ಮೊದಲ 30 ಮೆಗಾವಾಟ್ ಟರ್ಬೈನಿಗೂ ಸಾಕಷ್ಟು ಆವಿ ಸಿಗದೆ ಅದು ಬರೀ 7 ಮೆಗಾವಾಟಿನ ಆಸುಪಾಸಿನಲ್ಲಿ ಶುರುವಾಯಿತು. ಜೊತೆಗೇ ಕೊಂಡಿದ್ದ ಎರಡನೇ ಟರ್ಬೈನ್ ಸುಮಾರು 20 ವರ್ಷ ಕಾಯಬೇಕಾಯಿತು. ಗ್ಯಾಸು ನಿಧಾನವಾಗಿ ಕಡಿಮೆಯಾದ ಮೇಲೆ, 1990ರ ದಶಕದ ಕೊನೆಗೆ, ಅದನ್ನು ಕೂರಿಸಿದರು.

2009ರ ಬೋರಿನದು ಇನ್ನೊಂದು ಕಥೆ. ಅದನ್ನು ನಾಲ್ಕೂವರೆ ಕಿಲೋಮೀಟರ್ ಕೊರೆಯುವ ಉದ್ದೇಶ ಇತ್ತು. 2.1 ಕಿಲೋಮೀಟರಿನಲ್ಲೇ ರಿಗ್ಗಿನ ತುದಿ ಸಿಕ್ಕಿಹಾಕಿಕೊಳ್ಳತೊಡಗಿತು. ಕೊರೆಯುವ ನೀರಿನೊಂದಿಗೆ ಮೇಲೆ ಬಂದದ್ದು ಗಾಜಿನ ಚೂರು. ಕರಗಿದ ಕಲ್ಲು ತಣ್ಣೀರಿಗೆ ತಾಗಿ ತಟ್ಟನೆ ಗಟ್ಟಿಯಾದದ್ದದು. ಕೆಲಸ ನಿಲ್ಲಿಸಿ, ಅಲ್ಲಿಂದಲೇ ಆವಿ ತೆಗೆದು ನೋಡಿದರು. ಬಾಯಲ್ಲೇ 450 ಡಿಗ್ರಿ! ಆ ಒಂದು ಬೋರಿಗೆ 36 ಮೆಗಾವಾಟಿನ ಶಕ್ತಿ ಇತ್ತು, ಅಂದರೆ ಮಾಮೂಲಿ ಬೋರಿನ ಎಂಟು ಪಟ್ಟು. ಆದರೆ ಆವಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ, ಜೊತೆಗೆ ಸಿಲಿಕಾ. 2012ರಲ್ಲಿ ಮುಖ್ಯ ವಾಲ್ವ್ ಕೈಕೊಟ್ಟಿತು. ತಣ್ಣೀರು ಸುರಿದು ಬೋರನ್ನು ಆರಿಸಬೇಕಾಯಿತು, ಆ ಏಟಿಗೆ ಕೇಸಿಂಗೂ ಹಾಳಾಯಿತು. ಬಿಸಿ ಸಿಕ್ಕಿದ್ದಾಯಿತು, ಅದನ್ನು ತಾಳುವ ಪೈಪು ಸಿಗಲಿಲ್ಲ.

## ಕರೆಂಟ್ ಮಾಡದಿದ್ದರೂ ಆಗುತ್ತದೆ

ಇಷ್ಟೆಲ್ಲ ಮಾಡಿದರೂ ಕೆಳಗಿಂದ ಬಂದ ಬಿಸಿಯಲ್ಲಿ ಕರೆಂಟ್ ಆಗೋದು ಸರಾಸರಿ ಎಂಟನೇ ಒಂದು ಪಾಲು. ಉಳಿದದ್ದು ಬಿಸಿಯಾಗಿಯೇ ಹೋಗುತ್ತದೆ. ಆದ್ದರಿಂದ ಬಿಸಿಯನ್ನು ಬಿಸಿಯಾಗಿಯೇ ಬಳಸೋದು ಲಾಭ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ಗೆ 27 ಕಿಲೋಮೀಟರ್ ದೂರದ ನೆಸ್ಯಾವೆಟ್ಲಿರ್ ಘಟಕದಿಂದ ಬಿಸಿನೀರು ಪೈಪಿನಲ್ಲಿ ಬರುತ್ತದೆ. ಅದು ಬುಗ್ಗೆಯ ನೀರಲ್ಲ. ಸಿಲಿಕಾ, ಗ್ಯಾಸಿನ ಕಾಟ ಬೇಡವೆಂದು ಒಳ್ಳೆ ತಣ್ಣೀರನ್ನು ಭೂಶಾಖದಿಂದ ಕಾಯಿಸಿ ಕಳಿಸುತ್ತಾರೆ. ದಪ್ಪ ಹೊದಿಕೆ ಹಾಕಿದ ಪೈಪಿನಲ್ಲಿ ಅಷ್ಟು ದೂರ ಹರಿದರೂ ಆರೋದು ಎರಡು ಡಿಗ್ರಿಯಷ್ಟೇ. ದೇಶದ ಹತ್ತರಲ್ಲಿ ಒಂಬತ್ತು ಮನೆ ಬೆಚ್ಚಗಿರೋದು ಭೂಶಾಖದಿಂದಲೇ.

ಕ್ರಾಫ್ಲಾದಿಂದ ಸ್ವಲ್ಪ ದಕ್ಷಿಣಕ್ಕೆ ಬ್ಯಾರ್ನಾರ್‌ಫ್ಲಾಗ್ ಅನ್ನೋ ಜಾಗವಿದೆ. ಐಸ್‌ಲ್ಯಾಂಡಿನ ಮೊದಲ ಭೂಶಾಖದ ಕರೆಂಟ್ ಘಟಕ 1969ರಲ್ಲಿ ಶುರುವಾದದ್ದು ಅಲ್ಲೇ, ಬರೀ 3 ಮೆಗಾವಾಟ್. 1977ರ ಸೆಪ್ಟೆಂಬರ್‌ನಲ್ಲಿ ಶಿಲಾಪಾಕ ನೆಲದಡಿಯ ಬಿರುಕಿನಲ್ಲಿ ಹರಿದು ಬಂದು, ಅಲ್ಲಿದ್ದ 1,138 ಮೀಟರ್ ಆಳದ ಒಂದು ಬೋರಿನೊಳಗೆ ನುಗ್ಗಿ ಬಾಯಿಂದ ಚಿಮ್ಮಿತು. ಸುಮಾರು 3 ಟನ್ ಕೆಂಡದಂಥ ಲಾವಾ ಚೂರು, ಒಂದು ಪೈಪಿನಿಂದ! ಅದೇ ಬಯಲಿನಲ್ಲಿ ಊರಿನವರು ಇಂದಿಗೂ ರೈ ಹಿಟ್ಟು ಕಲಸಿ ಡಬ್ಬಿಗೆ ತುಂಬಿ, ಬಿಸಿ ಮಣ್ಣಿನ ಗುಂಡಿಯಲ್ಲಿಟ್ಟು ಮುಚ್ಚಿ ಮನೆಗೆ ಹೋಗುತ್ತಾರೆ. ಮಾರನೇ ದಿನ ಬಂದು ತೆರೆದರೆ ಕಪ್ಪಗೆ, ಸಿಹಿಯಾಗಿ ಬ್ರೆಡ್ ಬೆಂದಿರುತ್ತದೆ.